ವಿರಾಮಚಿಹ್ನೆ ಇಲ್ಲದ ಪುಟದಲ್ಲಿ ದಾರಿ ಹುಡುಕುವುದು: ಪ್ರಜ್ಞಾಪ್ರವಾಹದ ಕಾದಂಬರಿ ನಡೆದು ಬಂದ ಹಾದಿ

ಹನೂರು, ಕೊಳ್ಳೇಗಾಲ, ಯಳಂದೂರಿನ ಕಾಲೇಜುಗಳಲ್ಲಿ ಸಾಹಿತ್ಯ ಓದುವವರು ಪ್ರಜ್ಞಾಪ್ರವಾಹದ ಕಾದಂಬರಿಯನ್ನು ಮೊದಲ ಸಲ ಹಿಡಿದಾಗ ಎರಡು ಪ್ರಶ್ನೆಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಇಲ್ಲಿ ‘ಅವನು’ ಅಂದರೆ ಯಾರು? ಇದು ಈಗ ನಡೆಯುತ್ತಿದೆಯೋ, ಎಂದೋ ನಡೆದದ್ದೋ? ಪುಟದಲ್ಲಿ ಪೂರ್ಣವಿರಾಮವಿಲ್ಲ, ಉದ್ಧರಣ ಚಿಹ್ನೆಯಿಲ್ಲ, ಪ್ಯಾರಾ ಮುರಿಯುವುದಿಲ್ಲ. ನಾಲ್ಕು ಪುಟ ಓದಿದ ಮೇಲೂ ಯಾರು ಯಾರಿಗೆ ಏನು ಹೇಳಿದರೆಂದು ತಿಳಿಯದಿದ್ದಾಗ ಓದುಗರು ತಪ್ಪು ತಮ್ಮದೇ ಎಂದುಕೊಂಡು ಪುಸ್ತಕ ಮುಚ್ಚುತ್ತಾರೆ.

ಆದರೆ ಬಲ್ಲ ಲೇಖಕ ಚಿಹ್ನೆಗಳನ್ನು ತೆಗೆದಾಗ ಅವು ಮಾಡುತ್ತಿದ್ದ ಕೆಲಸವನ್ನು ಬಿಟ್ಟುಬಿಡುವುದಿಲ್ಲ, ಬೇರೆಯವಕ್ಕೆ ಒಪ್ಪಿಸಿರುತ್ತಾನೆ. ಯಾವುದಕ್ಕೆ ಒಪ್ಪಿಸಿದ್ದಾನೆ ಎಂಬುದನ್ನು ಹಿಡಿದರೆ ದಾರಿ ಸಿಕ್ಕುತ್ತದೆ. ಈ ಪ್ರಕಾರದ ಬೆಳವಣಿಗೆಯನ್ನು ಆ ಒಂದು ಎಳೆ ಹಿಡಿದೇ ನೋಡಬಹುದು.

ಪ್ರಜ್ಞಾಪ್ರವಾಹ ಎಂಬ ಮಾತಿನ ಮೂಲ ಮನಶ್ಶಾಸ್ತ್ರದಲ್ಲಿದೆ. ಅಮೆರಿಕದ ವಿಲಿಯಂ ಜೇಮ್ಸ್ 1890ರ ತನ್ನ ಗ್ರಂಥದಲ್ಲಿ, ಪ್ರಜ್ಞೆ ಎಂಬುದು ತುಂಡುತುಂಡಾಗಿ ಜೋಡಿಸಿದ್ದಲ್ಲ, ಹರಿಯುವಂಥದು ಎಂದು ವಿವರಿಸಿದ. ಕಾದಂಬರಿ ಅದಕ್ಕೂ ಮುಂಚೆಯೇ ಆ ಕಡೆಗೆ ಹೊರಟಿತ್ತು. ಫ್ರೆಂಚ್ ಲೇಖಕ ಎದುವಾರ್ ದುಜಾರ್ದಾಂ 1887ರಲ್ಲೇ ಒಬ್ಬ ತರುಣನ ಮನಸ್ಸಿನೊಳಗಿನ ಮಾತಿನಲ್ಲೇ ಕಥೆ ನಡೆಸಿದ್ದ. ಡೊರೊತಿ ರಿಚರ್ಡ್‌ಸನ್ನಳ ಕಾದಂಬರಿಗಳ ಬಗ್ಗೆ 1918ರಲ್ಲಿ ಬರೆಯುತ್ತ ಮೇ ಸಿಂಕ್ಲೇರ್ ಜೇಮ್ಸನ ಮಾತನ್ನು ಸಾಹಿತ್ಯ ವಿಮರ್ಶೆಗೆ ತಂದಳು. ನಾವು ಪ್ರಜ್ಞಾಪ್ರವಾಹ ಎನ್ನುವುದು ಅದನ್ನೇ.

ಹೊಸ ಓದುಗರನ್ನು ಹೆಚ್ಚು ಹೆದರಿಸುವ ಪುಟಗಳು ಜೇಮ್ಸ್ ಜಾಯ್ಸ್‌ನ 1922ರ ‘ಯೂಲಿಸಿಸ್’ ಕಾದಂಬರಿಯ ಕೊನೆಯ ಅಧ್ಯಾಯದವು. ನಡುರಾತ್ರಿ ಕಳೆದು ಹಾಸಿಗೆಯಲ್ಲಿ ಎಚ್ಚರವಾಗಿರುವ ಮಾಲಿ ಬ್ಲೂಮ್‌ಳ ಯೋಚನೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪದಗಳಷ್ಟು ಹರಿಯುತ್ತದೆ, ಇಡೀ ಅಧ್ಯಾಯಕ್ಕೆ ಎಂಟೇ ವಾಕ್ಯ. ಅಲ್ಲಿ ‘ಅವನು’ ಎಂದಾಗ ಪಕ್ಕದಲ್ಲಿ ಮಲಗಿರುವ ಗಂಡನಿರಬಹುದು, ಆ ಮಧ್ಯಾಹ್ನ ಬಂದು ಹೋದ ಪ್ರಿಯಕರನಿರಬಹುದು, ಹುಡುಗಿಯಾಗಿದ್ದಾಗ ಜಿಬ್ರಾಲ್ಟರಿನಲ್ಲಿ ಮುತ್ತಿಟ್ಟವನಿರಬಹುದು. ಇಂಗ್ಲಿಷಿನಲ್ಲಿ ಮೂವರಿಗೂ ಒಂದೇ ಸರ್ವನಾಮ. ಆದರೂ ಜಾಯ್ಸ್ ಓದುಗರನ್ನು ಕೈಬಿಟ್ಟಿಲ್ಲ. ಅವಳ ದೇಹ ಎಲ್ಲಿದೆ ಎಂಬುದು ಒಂದು ಗಳಿಗೆಯೂ ಅನುಮಾನವಿಲ್ಲ, ಅದು ಹಾಸಿಗೆಯಲ್ಲೇ ಇದೆ. ದೂರದ ರೈಲಿನ ಸಿಳ್ಳೆ, ಚರ್ಚಿನ ಗಂಟೆ ಕೇಳಿಸಿದಾಗೆಲ್ಲ ಯೋಚನೆ ಅಲ್ಲಿಗೆ ಮರಳಿ ಬರುತ್ತದೆ. ಮತ್ತೆ ಮತ್ತೆ ಬರುವ ‘ಹೌದು’ ಎಂಬ ಪದ ಹಲವು ಕಡೆ ಒಂದು ಯೋಚನೆ ಮುಗಿದು ಇನ್ನೊಂದು ಶುರುವಾಗುವ ಗುರುತಾಗುತ್ತದೆ. ಪೂರ್ಣವಿರಾಮದ ಕೆಲಸ ಹೊರಗಿನ ಸದ್ದಿಗೂ ಮರುಕಳಿಸುವ ಪದಕ್ಕೂ ಹೋಗಿದೆ.

ಜಾಯ್ಸ್‌ನದೊಂದೇ ಮಾದರಿಯಲ್ಲ. ವರ್ಜೀನಿಯಾ ವುಲ್ಫ್ 1925ರ ‘ಮಿಸೆಸ್ ಡ್ಯಾಲೊವೇ’ಯಲ್ಲಿ ಚಿಹ್ನೆಗಳನ್ನೆಲ್ಲ ಉಳಿಸಿಕೊಂಡೇ ಒಬ್ಬರ ಮನಸ್ಸಿನಿಂದ ಇನ್ನೊಬ್ಬರದಕ್ಕೆ ದಾಟುತ್ತಾಳೆ. ಅಲ್ಲಿ ಲಂಡನ್ನಿನ ಬಿಗ್ ಬೆನ್ ಗಡಿಯಾರ ಎಲ್ಲರ ಕಿವಿಗೂ ಬಿದ್ದು ಹೊತ್ತನ್ನು ತಿಳಿಸುತ್ತದೆ. ವಿಲಿಯಂ ಫಾಕ್ನರ್ 1929ರ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ಯ ಎರಡನೆಯ ಭಾಗದಲ್ಲಿ, ಕ್ವೆಂಟಿನ್ನನ ಮನಸ್ಸು ಹಳೆಯ ಗಾಯದ ಹತ್ತಿರ ಹೋದಾಗ ಚಿಹ್ನೆಗಳನ್ನು ಕಳಚುತ್ತಾನೆ. ಅಲ್ಲಿ ಚಿಹ್ನೆಯ ಗೈರುಹಾಜರಿಯೇ ಒಂದು ಸುದ್ದಿ.

ಕನ್ನಡಕ್ಕೆ ಇದು ಮೇಲಿಂದ ಬಿದ್ದದ್ದಲ್ಲ. ನವೋದಯದ ಕಾಲದಲ್ಲೇ ದೇವುಡು ‘ಅಂತರಂಗ’ದಲ್ಲಿ ಮನಸ್ಸಿನ ಒಳಗನ್ನು ಕಾದಂಬರಿಯ ವಸ್ತುವಾಗಿಸಿದ್ದರು. ನವ್ಯದವರು ಅದನ್ನು ಕಥನದ ರೀತಿಯನ್ನಾಗಿಯೇ ಬೆಳೆಸಿದರು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂತು, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ. ‘ಸಂಸ್ಕಾರ’ದ ಕೊನೆಯ ಭಾಗದಲ್ಲಿ ಊರು ಬಿಟ್ಟು ನಡೆಯುವ ಪ್ರಾಣೇಶಾಚಾರ್ಯನ ಒಳಗು ‘ಅವನು’ ಎಂಬಲ್ಲಿಂದ ‘ನಾನು’ ಎಂಬಲ್ಲಿಗೆ ಯಾವ ಸೂಚನೆಯೂ ಇಲ್ಲದೆ ಜಾರುತ್ತದೆ. ಮೇಳಿಗೆಯ ಜಾತ್ರೆ, ಬಿಡದೆ ಹಿಂಬಾಲಿಸುವ ಪುಟ್ಟನ ಮಾತು, ಕೋಳಿ ಅಂಕದ ಗದ್ದಲ ಅವನನ್ನು ಮತ್ತೆ ಮತ್ತೆ ಹೊರಕ್ಕೆ ಎಳೆಯುತ್ತವೆ. ಯಶವಂತ ಚಿತ್ತಾಲರ ‘ಶಿಕಾರಿ’ಯೂ ಎಸ್.ಎಲ್. ಭೈರಪ್ಪನವರ ‘ಪರ್ವ’ವೂ 1979ರವು. ಮೊದಲನೆಯದರಲ್ಲಿ ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಾದ ನಾಗಪ್ಪನ ಅನುಮಾನಗಳು ಸುತ್ತಿ ಸುತ್ತಿ ಬರುತ್ತವೆ. ಎರಡನೆಯದರಲ್ಲಿ ಕುಂತಿ, ದ್ರೌಪದಿ, ಭೀಮರ ನೆನಪುಗಳೇ ಮಹಾಭಾರತವನ್ನು ಹೇಳುತ್ತವೆ. ಈ ಲೇಖಕರು ಚಿಹ್ನೆಗಳನ್ನು ಪೂರ್ತಿ ಬಿಟ್ಟವರಲ್ಲ. ಕನ್ನಡದ ಓದುಗರನ್ನು ಇಲ್ಲಿ ಹೆಚ್ಚು ಕಾಡುವುದು ಕಾಲದ ಜಿಗಿತ.

ನಮ್ಮ ಸೀಮೆಯ ಮಟ್ಟಿಗೆ ಹೇಳುವುದಾದರೆ ದೇವನೂರ ಮಹಾದೇವರ ‘ಕುಸುಮಬಾಲೆ’ಯೇ ದೊಡ್ಡ ತಿರುವು. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯಲ್ಲಿ ಪಾತ್ರಗಳ ಮಾತಷ್ಟೇ ಅಲ್ಲ, ಕಥೆ ಹೇಳುವ ದನಿಯೂ ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತು. ರಾತ್ರಿ ಮನೆಮನೆಯ ದೀಪದ ಜೋತಮ್ಮಗಳು ಸೇರಿ ಊರಿನ ಸುದ್ದಿ ಮಾತಾಡಿಕೊಳ್ಳುತ್ತವೆ. ಇಲ್ಲಿ ಹರಿಯುವುದು ಒಬ್ಬನ ಪ್ರಜ್ಞೆಯಲ್ಲ, ಊರಿನದು. ಆದ್ದರಿಂದ ಇದನ್ನು ಜಾಯ್ಸ್‌ನ ಸಾಲಿಗೆ ನೇರವಾಗಿ ಸೇರಿಸುವುದು ಸರಿಯಲ್ಲ. ಇದರ ಬೇರು ಮಂಟೇಸ್ವಾಮಿ, ಮಾದೇಶ್ವರರ ಹಾಡುಗಬ್ಬಗಳ ಸೀಮೆಯಲ್ಲಿದೆ.

ಮಾದಪ್ಪನ ಕಾವ್ಯವನ್ನು ಕಂಸಾಳೆಯವರ ಬಾಯಲ್ಲಿ ಕೇಳಿದವರಿಗೆ ಚಿಹ್ನೆಯಿಲ್ಲದ ಕಥನ ಹೊಸದಲ್ಲ. ಸಾಲು ಎಲ್ಲಿ ಮುಗಿಯಿತೆಂದು ಕಂಸಾಳೆಯ ಪೆಟ್ಟು, ಹಿಮ್ಮೇಳದ ಸೊಲ್ಲು ಹೇಳುತ್ತವೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಅಚ್ಚಿಗೆ ತಂದರು. ಹಾಡನ್ನು ಹೀಗೆ ಬರೆಹಕ್ಕೆ ಇಳಿಸುವಾಗ ಸಾಲು ಮುರಿಯುವ ಜಾಗವನ್ನು ಸಂಪಾದಕರೇ ಗೊತ್ತುಮಾಡಬೇಕಾಗುತ್ತದೆ. ಹಾಗೆಂದು ಹಾಡನ್ನೂ ಪ್ರಜ್ಞಾಪ್ರವಾಹವನ್ನೂ ಒಂದೇ ಮಾಡಲಾಗದು. ಸಂಕಮ್ಮನ ಸಾಲಿನಲ್ಲಿ, ಕಾಡಿಗೆ ಹೊರಟ ಗಂಡ ಕೇಳಿದ ಭಾಷೆಯನ್ನು ಕೊಡಲೊಪ್ಪದೆ ಹಿಂಸೆ ಅನುಭವಿಸುವ ಸಂಕಮ್ಮ ಮಾದಪ್ಪನನ್ನು ಕರೆದು ಗೋಳಾಡುತ್ತಾಳೆ. ಆ ಗೋಳಿಗೆ ಕೇಳುವವನೊಬ್ಬನಿದ್ದಾನೆ, ಆದ್ದರಿಂದ ಅವಳು ನಡೆದದ್ದನ್ನು ಬಿಡಿಸಿ ಹೇಳುತ್ತಾಳೆ. ಮಾಲಿ ಯಾರಿಗೂ ಹೇಳುತ್ತಿಲ್ಲ. ತನಗೆ ಗೊತ್ತಿರುವುದನ್ನು ಯಾರೂ ತನಗೇ ವಿವರಿಸಿಕೊಳ್ಳುವುದಿಲ್ಲ. ಹೆಸರು, ಸಂಬಂಧ, ಹಿನ್ನೆಲೆ ಕಾಣೆಯಾಗುವುದು ಈ ಕಾರಣಕ್ಕೆ. ಹೊಸ ಓದುಗರ ಕಷ್ಟದ ಅರ್ಧಪಾಲು ಚಿಹ್ನೆಯದಲ್ಲ, ಈ ವಿವರಣೆಯ ಕೊರತೆಯದು.

ಇನ್ನು ಒಂದು ತುಣುಕನ್ನು ಬಿಡಿಸಿ ನೋಡೋಣ. ಇದು ಯಾವ ಪುಸ್ತಕದ್ದೂ ಅಲ್ಲ, ಈ ಲೇಖನಕ್ಕೆಂದೇ ಬರೆದದ್ದು. ತಾಳಬೆಟ್ಟ ದಾಟಿ ಬೆಟ್ಟ ಏರುತ್ತಿರುವ ಬಸ್ಸಿನಲ್ಲಿ ಒಬ್ಬ ಹೆಂಗಸು ಕೂತಿದ್ದಾಳೆ:

ಈ ತಿರುವ್ನಲ್ಲೇ ಅಲ್ವಾ ಆ ವರ್ಸ ಕೂತ್ಕಂಡಿದ್ದು ಕಾಲು ನೋಯ್ತದೆ ಇನ್ನೊಂದು ಗಳ್ಗೆ ತಡಿ ಮಗಾ ಅಂದ್ಲು ಅವ್ವ ನಾನು ತಡೀನಿಲ್ಲ ಮುಂದಕ್ಕೆ ಹೋದೆ ಈಗ ಇವ್ನು ತೊಡೆ ಮೇಲೆ ನಿದ್ದೆ ಮಾಡ್ತಾವ್ನೆ ಮುಡಿ ಕೊಟ್ರೆ ಚಳಿ ಆಯ್ತದೆ ಅಂತ ಅವ್ರು ಬೇಡ ಅಂದ್ರು ಅವ್ರ್ಗೇನು ಗೊತ್ತು ಹರ್ಕೆ ಹೊತ್ತವ್ಳು ನಾನು ಅವ್ವ ಇದ್ದಿದ್ರೆ ಎತ್ಕಂಡೇ ಹತ್ತೋಳು ಹಾರನ್ ಹೊಡ್ದ ಲಾರಿ ಬತ್ತಾದೆ ತಡಿ ಮಗಾ ಅಂದ್ಲಲ್ಲ ತಡೀಬೇಕಿತ್ತು

ಮೊದಲು ದೇಹವನ್ನು ಹುಡುಕಬೇಕು. ತಿರುವು, ತೊಡೆಯ ಮೇಲಿನ ಮಗು, ಹಾರನ್, ಲಾರಿ, ಈ ನಾಲ್ಕೂ ಬಸ್ಸಿನವು. ಇವು ‘ಈಗ’. ಇವುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಮಿಕ್ಕದ್ದೆಲ್ಲ ನೆನಪು, ವಾದ ಅಥವಾ ಹಳಹಳಿಕೆ ಎಂದು ತಾನಾಗಿ ಬೇರೆಯಾಗುತ್ತದೆ.

ಎರಡನೆಯದು ಕ್ರಿಯಾಪದ. ಕನ್ನಡದಲ್ಲಿ ವಾಕ್ಯವನ್ನು ಸಾಮಾನ್ಯವಾಗಿ ಮುಗಿಸುವುದು ಕ್ರಿಯಾಪದವೇ, ಪೂರ್ಣವಿರಾಮ ಅದರ ಬಾಲದಲ್ಲಿ ನಿಲ್ಲುವ ಗುರುತಷ್ಟೇ. ಅಂದ್ಲು, ತಡೀನಿಲ್ಲ, ಹೋದೆ, ಅಂದ್ರು, ಹೊಡ್ದ, ಬತ್ತಾದೆ, ಈ ಪದಗಳ ಹತ್ತಿರ ಉಸಿರು ನಿಲ್ಲಿಸಿ ಗಟ್ಟಿಯಾಗಿ ಓದಿದರೆ ತುಣುಕು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ‘ಆಡುಮಾತು ಬಂತು, ಇನ್ನೂ ಕಷ್ಟ’ ಎಂದು ಹೆದರುವವರು ಇದನ್ನೊಮ್ಮೆ ಮಾಡಿ ನೋಡಬೇಕು, ಆಡುಮಾತಿನ ಬರೆಹ ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ.

ಮೂರನೆಯದು ‘ಯಾರು’ ಎಂಬ ಪ್ರಶ್ನೆ. ಮಾಲಿಯ ಓದುಗರಿಗಿಲ್ಲದ ಒಂದು ಅನುಕೂಲ ಇಲ್ಲಿದೆ. ಹೋದೆ ಎಂದರೆ ನಾನು, ಅಂದ್ಲು ಎಂದರೆ ಅವ್ವ, ಅಂದ್ರು ಎಂದರೆ ಹೆಸರು ಹಿಡಿದು ಕರೆಯದ ಗಂಡ. ‘ಹಾರನ್ ಹೊಡ್ದ’ ಎಂಬಲ್ಲಿ ಕರ್ತೃವೇ ಇಲ್ಲ, ಆದರೂ ಡ್ರೈವರ್ ಎಂದು ತಿಳಿಯುತ್ತದೆ. ಕ್ರಿಯಾಪದದ ತುದಿ ಲಿಂಗ, ವಚನ, ಮರ್ಯಾದೆ ಮೂರನ್ನೂ ಹೇಳುವುದರಿಂದ ಹೆಸರಿಲ್ಲದೆಯೂ ಸಂಸಾರ ಕಣ್ಣಿಗೆ ಕಟ್ಟುತ್ತದೆ. ‘ಇದ್ದಿದ್ರೆ’ ಎಂಬ ಒಂದು ರೂಪದಲ್ಲಿ ಅವ್ವ ಇಲ್ಲವೆಂಬ ಸುದ್ದಿಯೂ ಇದೆ. ಕಾದಂಬರಿ ಅದನ್ನು ಬೇರೆಲ್ಲೂ ಹೇಳದಿರಬಹುದು.

ನಾಲ್ಕನೆಯದು ಮರುಕಳಿಕೆ. ‘ತಡಿ ಮಗಾ’ ಎರಡು ಸಲ ಬರುತ್ತದೆ. ಮೊದಲ ಸಲ ಅದು ನಡೆದದ್ದು, ಎರಡನೆಯ ಸಲ ತನ್ನ ಮೇಲೆ ತಾನೇ ಕೊಟ್ಟುಕೊಂಡ ತೀರ್ಪು. ಯಾವ ಮಾತು ಬಿಟ್ಟೂ ಬಿಡದೆ ಮರಳುತ್ತದೋ ಅದರ ಸುತ್ತ ಕಥೆಯಿದೆ.

ಈ ಕ್ರಮಕ್ಕೂ ಮಿತಿಯಿದೆ. ಫಾಕ್ನರನ ಮೊದಲ ಭಾಗದಲ್ಲಿ, ಬುದ್ಧಿ ಬೆಳೆಯದ ಬೆಂಜಿಗೆ ನಿನ್ನೆಗೂ ಮೂವತ್ತು ವರ್ಷದ ಹಿಂದಿಗೂ ವ್ಯತ್ಯಾಸವೇ ಇಲ್ಲ. ಅಲ್ಲಿ ದೇಹವನ್ನು ಹಿಡಿದರೂ ಕಾಲ ಸಿಕ್ಕುವುದಿಲ್ಲ, ಮುಂದಿನ ಭಾಗಗಳನ್ನು ಓದಿ ಮರಳಿ ಬರಬೇಕು. ಮೊದಲ ಓದಿನಲ್ಲಿ ಎಲ್ಲವೂ ತಿಳಿಯಬೇಕೆಂಬ ಹಟ ಅಂಥ ಕಡೆ ಬೇಡ. ಹಾಗೆಯೇ ಚಿಹ್ನೆ ಬಿಟ್ಟ ಬರೆಹವೆಲ್ಲ ಆಳದ್ದೂ ಅಲ್ಲ. ಪರೀಕ್ಷೆ ಸುಲಭ: ಬಿಟ್ಟ ಚಿಹ್ನೆಗಳನ್ನು ನೀವೇ ಹಾಕಿ ಓದಿ. ಏನೂ ಕಳೆದುಹೋಗದಿದ್ದರೆ ಬಿಟ್ಟದ್ದು ಬರಿಯ ಅಲಂಕಾರ.

ಮೇಲಿನ ತುಣುಕಿನಲ್ಲೇ ನೋಡಿ. ‘ಕಾಲು ನೋಯ್ತದೆ’ ಎಂದು ಓದಿದಾಗ ನೋವು ಬಸ್ಸಿನಲ್ಲಿ ಕೂತವಳದೇ ಎನಿಸುತ್ತದೆ. ಆರು ಪದ ದಾಟಿ ‘ಅಂದ್ಲು ಅವ್ವ’ ಬಂದ ಮೇಲಷ್ಟೇ ಅದು ತಾಯಿಯದೆಂದು ತಿಳಿಯುತ್ತದೆ. ಅಷ್ಟು ಹೊತ್ತು ತಾಯಿಯ ಕಾಲುನೋವು ಮಗಳದಾಗಿತ್ತು. ಅಂದು ತಡೆಯದೆ ಹೋದವಳು ಆ ನೋವನ್ನು ಇಂದು ತನ್ನ ಮೈಯಲ್ಲಿ ಹೊತ್ತಿದ್ದಾಳೆ ಎಂಬುದು ಈ ತುಣುಕಿನ ಜೀವ. ಉದ್ಧರಣ ಚಿಹ್ನೆ ಹಾಕಿದರೆ ನೋವು ಮೊದಲ ಅಕ್ಷರದಿಂದಲೇ ತಾಯಿಯ ಪಾಲಿಗೆ ಹೋಗುತ್ತದೆ, ವಾಕ್ಯ ಸರಿಯಾಗುತ್ತದೆ, ಮಗಳ ಪಾಲು ಅಳಿಸಿಹೋಗುತ್ತದೆ. ಓದುವಾಗ ಯಾರ ಮಾತೆಂದು ತಿಳಿಯದೆ ನಿಂತ ಆ ಆರು ಪದಗಳ ಗೊಂದಲವನ್ನು ಲೇಖಕ ಬೇಕೆಂದೇ ಇಟ್ಟಿರುತ್ತಾನೆ. ಅಲ್ಲಿ ಪುಸ್ತಕ ಮುಚ್ಚದೆ, ಕ್ರಿಯಾಪದ ಬರುವವರೆಗೆ ಓದಿಕೊಂಡು ಹೋಗುವುದು ಓದುಗರ ಕೆಲಸ.