ಫ್ಯಾರನ್‌ಹೀಟನ ಸೊನ್ನೆ

1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಲ್ಯಾಟಿನ್ನಿನಲ್ಲಿ ಬರೆದ ಕೆಲವು ಚಿಕ್ಕ ಲೇಖನಗಳು ಅಚ್ಚಾದವು. ಅವುಗಳಲ್ಲೊಂದರಲ್ಲಿ ಆತ ತನ್ನ ಥರ್ಮಾಮೀಟರಿನ ಮೂರು ಗುರುತುಗಳು ಎಲ್ಲಿಂದ ಬಂದವೆಂದು ಹೇಳುತ್ತಾನೆ. ಆರೋಗ್ಯವಂತನ ಬಾಯಿ ಅಥವಾ ಕಂಕುಳಿನ ಬಿಸಿ 96. ನೀರು, ಮಂಜುಗಡ್ಡೆ ಎರಡೂ ಜೊತೆಗಿದ್ದಾಗ 32. ಮಂಜುಗಡ್ಡೆ, ನೀರು ಮತ್ತು ನವಸಾಗರ ಬೆರೆಸಿದಾಗ ಸೊನ್ನೆ. ನವಸಾಗರದ ಬದಲು ಸಮುದ್ರದ ಉಪ್ಪಾದರೂ ನಡೆಯುತ್ತದೆ. ಜೊತೆಗೊಂದು ಮಾತು ಸೇರಿಸುತ್ತಾನೆ: ಈ ಪ್ರಯೋಗ ಬೇಸಿಗೆಗಿಂತ ಚಳಿಗಾಲದಲ್ಲಿ ಚೆನ್ನಾಗಿ ಬರುತ್ತದೆ.

ವಿಜ್ಞಾನದ ಇತಿಹಾಸ ಓದುವ ನನ್ನಂಥವರಿಗೆ ಈ ಕೊನೆಯ ಮಾತು ಕಾಲಿಗೆ ತೊಡರುತ್ತದೆ. ಅಳತೆಗೋಲಿನ ಸೊನ್ನೆ ಋತುವಿಗೆ ತಕ್ಕಂತೆ ಬದಲಾಗುವುದಾದರೆ ಅದು ಸೊನ್ನೆ ಹೇಗಾದೀತು? ಫ್ಯಾರನ್‌ಹೀಟನ ಸೊನ್ನೆ ಎಂದರೆ ಸೆಲ್ಸಿಯಸ್ಸಿನಲ್ಲಿ -17.8 ಡಿಗ್ರಿ. ಆದರೆ ಮಂಜುಗಡ್ಡೆಗೆ ನವಸಾಗರ ಬೆರೆಸಿದರೆ ಚಳಿ ಸುಮಾರು -16ಕ್ಕೆ ನಿಲ್ಲುತ್ತದೆ, ಅಡುಗೆ ಉಪ್ಪು ಬೆರೆಸಿದರೆ -21ರವರೆಗೂ ಇಳಿಯುತ್ತದೆ. ಆತ ಹೆಸರಿಸಿದ ಎರಡು ಮಿಶ್ರಣಗಳಲ್ಲಿ ಒಂದೂ ಆತನ ಸೊನ್ನೆಗೆ ಸರಿಹೊಂದುವುದಿಲ್ಲ.

ಇದನ್ನು ಬಿಡಿಸಲು ಮೊದಲು ಮಿಶ್ರಣದೊಳಗೆ ಏನಾಗುತ್ತದೆ ಎಂದು ನೋಡಬೇಕು. ಕರಗುತ್ತಿರುವ ಮಂಜುಗಡ್ಡೆಯ ಮೈಯಿಂದ ನೀರಿನ ಅಣುಗಳು ಸದಾ ಕಳಚಿಕೊಳ್ಳುತ್ತಿರುತ್ತವೆ, ಸುತ್ತಲ ನೀರಿನಿಂದ ಬೇರೆ ಅಣುಗಳು ಬಂದು ಅದಕ್ಕೆ ಅಂಟಿಕೊಳ್ಳುತ್ತಿರುತ್ತವೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹೋಗುವವು, ಬರುವವು ಸರಿಸಮ. ನೀರಿಗೆ ಉಪ್ಪು ಹಾಕಿದರೆ ಈ ಲೆಕ್ಕ ಕೆಡುತ್ತದೆ. ಮಂಜುಗಡ್ಡೆಯ ಹರಳಿನ ಕಟ್ಟಡದಲ್ಲಿ ಉಪ್ಪಿಗೆ ಜಾಗವಿಲ್ಲ, ಅದು ನೀರಿನಲ್ಲೇ ಉಳಿಯಬೇಕು. ಉಪ್ಪು ಬೆರೆತ ನೀರಿನಿಂದ ಮಂಜುಗಡ್ಡೆಗೆ ಮರಳುವ ಅಣುಗಳು ಕಡಿಮೆಯಾಗುತ್ತವೆ, ಕಳಚಿಕೊಳ್ಳುವವು ಮಾತ್ರ ಮೊದಲಿನಷ್ಟೇ ಇರುತ್ತವೆ. ಹಾಗಾಗಿ ಮಂಜುಗಡ್ಡೆ ಕರಗುತ್ತದೆ. ಎರಡೂ ಮತ್ತೆ ಸಮವಾಗಬೇಕಾದರೆ ಕಳಚುವ ವೇಗ ತಗ್ಗಬೇಕು, ಅಂದರೆ ಇಡೀ ಮಿಶ್ರಣ ಇನ್ನಷ್ಟು ತಣ್ಣಗಾಗಬೇಕು. ನೀರು ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ ಎನ್ನುವುದರ ಅರ್ಥ ಇಷ್ಟೇ.

ಆದರೆ ಬಿಂದು ಇಳಿಯುವುದು ಬೇರೆ, ಪಾತ್ರೆ ನಿಜವಾಗಿ ತಣ್ಣಗಾಗುವುದು ಬೇರೆ. ಆ ಚಳಿಯನ್ನು ಉಪ್ಪು ತರುವುದಿಲ್ಲ. ಮಂಜುಗಡ್ಡೆ ಇಲ್ಲದ ನೀರಿಗೆ ಅಡುಗೆ ಉಪ್ಪು ಸುರಿದರೆ ಕೆಲವೇ ಡಿಗ್ರಿ ಇಳಿಯುತ್ತದೆ, ಅಷ್ಟೆ. (ಅಕ್ಬರನ ಮನೆಯಲ್ಲಿ ಪೆಟ್ಲುಪ್ಪಿನಿಂದ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದ ವಿಧಾನವನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಅದು ಬೇರೆಯೇ ಉಪಾಯ: ಪೆಟ್ಲುಪ್ಪು ಕರಗುವಾಗ ತಾನೇ ಸಾಕಷ್ಟು ಶಾಖ ಹೀರುತ್ತದೆ, ಮಂಜುಗಡ್ಡೆಯ ಹಂಗಿಲ್ಲ.) ಇಲ್ಲಿ ಚಳಿ ಬರುವುದು ಮಂಜುಗಡ್ಡೆ ಕರಗುವುದರಿಂದ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಬೇಕು. ಹೊರಗಿನಿಂದ ಅಷ್ಟು ಬೇಗ ಸಿಗದಿದ್ದರೆ ಅದು ಆ ಶಾಖವನ್ನು ತನ್ನಿಂದಲೇ, ಪಕ್ಕದ ಉಪ್ಪುನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಒಂದು ಕಿಲೋ ಮಂಜುಗಡ್ಡೆಯನ್ನು -21ರವರೆಗೆ ತಣಿಸಲು ಬೇಕಾದದ್ದು ಸುಮಾರು 44 ಕಿಲೋಜೂಲ್ ಮಾತ್ರ. ಅಂದರೆ ಹೆಚ್ಚುಕಡಿಮೆ ಎಂಟನೇ ಒಂದು ಪಾಲು ಕರಗಿದರೆ ಉಳಿದದ್ದನ್ನೆಲ್ಲ ಅದು ಕೆಳಗಿಳಿಸಬಲ್ಲದು. ಕರಗುವಾಗ ಅಡಗಿಹೋಗುವ ಈ ಗುಪ್ತೋಷ್ಣವನ್ನು ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ವಿವರಿಸಿದ್ದು 1760ರ ದಶಕದಲ್ಲಿ. ಫ್ಯಾರನ್‌ಹೀಟ್ 1736ರಲ್ಲೇ ತೀರಿಕೊಂಡಿದ್ದ. ತನ್ನ ಪಾತ್ರೆಯಲ್ಲಿ ಶಾಖ ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಆತನಿಗೆ ದಾರಿಯಿರಲಿಲ್ಲ.

ಎಷ್ಟು ಉಪ್ಪಿಗೆ ಎಷ್ಟು ಇಳಿತ ಎಂಬುದನ್ನು ಅಚ್ಚುಕಟ್ಟಾಗಿ ಅಳೆದವನು ಚಾರ್ಲ್ಸ್ ಬ್ಲ್ಯಾಗ್ಡನ್. ಬೇರೆ ಬೇರೆ ಲವಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕರಗಿಸಿ, ಉಪ್ಪು ಎರಡರಷ್ಟಾದರೆ ಇಳಿತವೂ ಎರಡರಷ್ಟಾಗುತ್ತದೆ ಎಂದು 1788ರಲ್ಲಿ ಪ್ರಕಟಿಸಿದ. ಸುಮಾರು ನೂರು ವರ್ಷಗಳ ನಂತರ ಫ್ರಾನ್ಸಿನ ರಾವೂಲ್, ಲೆಕ್ಕಕ್ಕೆ ಬರುವುದು ತೂಕವಲ್ಲ, ಕರಗಿದ ಕಣಗಳ ಸಂಖ್ಯೆ ಎಂದು ತೋರಿಸಿದ. ಅಲ್ಲೊಂದು ತಕರಾರು ಉಳಿಯಿತು. ಒಂದು ಕಿಲೋ ನೀರಿಗೆ 342 ಗ್ರಾಂ ಸಕ್ಕರೆ ಹಾಕಿದರೆ ಬಿಂದು ಸುಮಾರು 1.9 ಡಿಗ್ರಿ ಇಳಿಯುತ್ತದೆ. ಅಷ್ಟೇ ಸಂಖ್ಯೆಯ ಅಣುಗಳಿರಬೇಕಾದ 58.5 ಗ್ರಾಂ ಉಪ್ಪು ಹಾಕಿದರೆ ಸುಮಾರು 3.4 ಡಿಗ್ರಿ. ಉಪ್ಪು ಮಾತ್ರ ಯಾಕೆ ಹೆಚ್ಚುಕಡಿಮೆ ಎರಡು ಪಾಲು ಕೆಲಸ ಮಾಡುತ್ತದೆ? ನೀರಿಗೆ ಬಿದ್ದೊಡನೆ ಅದು ಸೋಡಿಯಂ, ಕ್ಲೋರಿನ್ನುಗಳ ವಿದ್ಯುತ್ ಕಣಗಳಾಗಿ ಒಡೆಯುತ್ತದೆ ಎಂದು ಸ್ವೀಡನ್ನಿನ ಅರೇನಿಯಸ್ 1887ರಲ್ಲಿ ವಾದಿಸಿದ. ಆಗ ಅನೇಕ ಹಿರಿಯ ರಸಾಯನ ವಿಜ್ಞಾನಿಗಳಿಗೆ ಇದು ನಂಬುವ ಮಾತಾಗಿರಲಿಲ್ಲ. ಆತನ ಪರವಾಗಿದ್ದ ಸಾಕ್ಷಿಗಳಲ್ಲಿ ಹೆಪ್ಪುಗಟ್ಟುವ ಉಪ್ಪುನೀರೂ ಒಂದು.

ಹಾಗಾದರೆ ಉಪ್ಪು ಹೆಚ್ಚಿಸುತ್ತಾ ಹೋದರೆ ಚಳಿಗೆ ಕೊನೆಯೇ ಇಲ್ಲವೇ? ಇದೆ. ಆ ಚಳಿಯಲ್ಲಿ 100 ಗ್ರಾಂ ನೀರು ಸುಮಾರು 30 ಗ್ರಾಂ ಉಪ್ಪನ್ನು ಮಾತ್ರ ಕರಗಿಸಬಲ್ಲದು. ಅಲ್ಲಿಗೆ ಇಳಿತ -21.1ಕ್ಕೆ ಮುಟ್ಟಿರುತ್ತದೆ. ಅದಕ್ಕಿಂತ ಕೆಳಗೆ ದ್ರವವೇ ಉಳಿಯುವುದಿಲ್ಲ, ನೀರೂ ಉಪ್ಪೂ ಒಟ್ಟಿಗೇ ಹರಳುಗಟ್ಟುತ್ತವೆ. ಇಂಥ ತಳಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಗಥ್ರಿ 1884ರಲ್ಲಿ ಯುಟೆಕ್ಟಿಕ್ ಎಂದು ಹೆಸರಿಟ್ಟ, ಗ್ರೀಕಿನಲ್ಲಿ ಸುಲಭವಾಗಿ ಕರಗುವುದು ಎಂಬರ್ಥ. ಕೈಯಿಂದ ತಿರುಗಿಸುವ ಐಸ್ ಕ್ರೀಂ ಮರಿಗೆಗೆ ಮೂರು ಪಾಲು ಮಂಜುಗಡ್ಡೆ, ಒಂದು ಪಾಲು ಉಪ್ಪು ಎಂಬ ಲೆಕ್ಕ ಇದಕ್ಕೆ ಎಷ್ಟು ಹತ್ತಿರ ನೋಡಿ.

ಈ ತಳ ತಾನಾಗಿ ಸಿಗುವುದಿಲ್ಲ. ಹಾಸ್ಟೆಲ್ಲಿನಲ್ಲಿ ನಾನು ಇದನ್ನು ಎರಡು ರೀತಿಯಲ್ಲಿ ಮಾಡಿ ನೋಡಿದೆ. 300 ಗ್ರಾಂ ಐಸನ್ನು ಸಣ್ಣಗೆ ಕುಟ್ಟಿ, ನೀರು ಬಸಿದು, 100 ಗ್ರಾಂ ಪುಡಿ ಉಪ್ಪಿನೊಂದಿಗೆ ಥರ್ಮಾಸ್‌ನಲ್ಲಿ ಕಲಸುತ್ತಾ ಹೋದಾಗ ಆಲ್ಕೊಹಾಲ್ ಥರ್ಮಾಮೀಟರ್ -19ರ ಆಸುಪಾಸಿಗೆ ಬಂದು ನಿಂತಿತು. ಅಷ್ಟೇ ಉಪ್ಪನ್ನು ಸ್ಟೀಲ್ ಪಾತ್ರೆಯಲ್ಲಿದ್ದ ಇಡೀ ತುಂಡುಗಳ ಮೇಲೆ ಉದುರಿಸಿ ಬಿಟ್ಟಾಗ -12 ದಾಟಲಿಲ್ಲ. ದೊಡ್ಡ ತುಂಡಿಗೆ ಮೈ ಕಡಿಮೆ, ಕರಗುವುದು ನಿಧಾನ. ಅಷ್ಟರಲ್ಲಿ ಪಾತ್ರೆಯ ಗೋಡೆಯಿಂದ ಕೋಣೆಯ ಬಿಸಿ ಒಳಗೆ ನುಗ್ಗುತ್ತಿರುತ್ತದೆ. ಗುರುತು ಹಿಡಿಯುವುದು ಸುಲಭ: ತಳದಲ್ಲಿ ಕರಗದ ಉಪ್ಪು, ಮೇಲೆ ಗಟ್ಟಿ ಐಸು, ಎರಡೂ ಕಾಣುತ್ತಿದ್ದರೂ ಮುಳ್ಳು -21ಕ್ಕಿಂತ ತುಂಬಾ ಮೇಲಿದ್ದರೆ ಕಲಸಿದ್ದು ಸಾಲದು. ಉಪ್ಪು ಪೂರ್ತಿ ಮಾಯವಾಗಿ ಮುಳ್ಳು ಮೆಲ್ಲಗೆ ಏರುತ್ತಿದ್ದರೆ ಉಪ್ಪು ಸಾಲದು.

ಚಳಿಗಾಲದಲ್ಲಿ ಚೆನ್ನಾಗಿ ಬರುತ್ತದೆ ಎಂದು ಫ್ಯಾರನ್‌ಹೀಟ್ ಬರೆದದ್ದು ಇದನ್ನೇ ಇರಬೇಕು. ಆತನ ಪಾಕದಲ್ಲಿ ಮೊದಲೇ ನೀರಿದೆ, ಅದನ್ನೂ ತಣಿಸಬೇಕು. ಬೇಸಿಗೆಯ ಕೋಣೆಯಲ್ಲಿ ತಳ ಮುಟ್ಟುವ ಮೊದಲೇ ಮುಳ್ಳು ನಿಂತಿರುತ್ತದೆ. ಹಾಗೆಂದು ಚಳಿಗಾಲದಲ್ಲೂ ನವಸಾಗರ -16ಕ್ಕಿಂತ ಕೆಳಗಿಳಿಯದು. ಹಾಗಾದರೆ -17.8 ಎಲ್ಲಿಂದ ಬಂತು? ನನಗೆ ಒಪ್ಪಿಗೆಯಾಗುವ ಉತ್ತರ ಕೋಪನ್‌ಹೇಗನ್ನಿನಲ್ಲಿದೆ. 1708ರಲ್ಲಿ ಇಪ್ಪತ್ತೆರಡರ ತರುಣ ಫ್ಯಾರನ್‌ಹೀಟ್ ಅಲ್ಲಿ ಖಗೋಳ ವಿಜ್ಞಾನಿ ಓಲೆ ರೋಮರನನ್ನು ಕಂಡಿದ್ದ. ರೋಮರನ ಥರ್ಮಾಮೀಟರಿನಲ್ಲಿ ಕರಗುವ ಮಂಜುಗಡ್ಡೆ ಏಳೂವರೆಗೆ, ಮೈಬಿಸಿ ಇಪ್ಪತ್ತೆರಡೂವರೆಗೆ ನಿಲ್ಲುತ್ತಿದ್ದವು. ಅರೆಬರೆ ಅಂಕಿಗಳ ಕಾಟ ತಪ್ಪಿಸಲು ಪ್ರತಿ ಡಿಗ್ರಿಯನ್ನು ನಾಲ್ಕಾಗಿ ಸೀಳಿದರೆ ಅವು 30 ಮತ್ತು 90. ಆಮೇಲೆ ಅವನ್ನು 32ಕ್ಕೂ 96ಕ್ಕೂ ಸರಿಸಿದರೆ ನಡುವೆ 64 ಭಾಗ ಉಳಿಯುತ್ತದೆ, ಗಾಜಿನ ಕೊಳವೆಯ ಮೇಲೆ ಅರ್ಧ, ಅರ್ಧದ ಅರ್ಧ ಎಂದು ಗೀರೆಳೆಯಲು ಸಲೀಸು. ಹೀಗಿದ್ದರೆ ಸೊನ್ನೆಯನ್ನು ಆತ ಉಪ್ಪಿನ ಪಾತ್ರೆಯಲ್ಲಿ ಕಂಡುಕೊಳ್ಳಲಿಲ್ಲ, ಮೇಲಿನ ಎರಡು ಗುರುತುಗಳಿಂದ ಕೆಳಗೆ ಎಣಿಸಿ ತಲುಪಿದ. ನವಸಾಗರ, ಉಪ್ಪುಗಳ ಮಿಶ್ರಣ ಆ ಆಸುಪಾಸಿನಲ್ಲಿ ನಿಲ್ಲುತ್ತಿದ್ದುದರಿಂದ ಲೇಖನದಲ್ಲಿ ಅದಕ್ಕೂ ಜಾಗ ಸಿಕ್ಕಿತು.