ಅಮೆರಿಕದ ಕಾಲೇಜು ಈಜು ತಂಡಗಳು ಮತ್ತು ಕ್ರೀಡಾ ವಿದ್ಯಾರ್ಥಿವೇತನ

ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ತಂಡಕ್ಕೆ ಬೇಕಾದ ಕ್ರೀಡಾಪಟುಗಳಿಗೆ ಬೋಧನಾ ಶುಲ್ಕ, ವಸತಿ, ಊಟದ ಖರ್ಚನ್ನು ಪೂರ್ತಿಯಾಗಿಯೋ ಭಾಗಶಃವೋ ಕೊಟ್ಟು ಸೇರಿಸಿಕೊಳ್ಳುತ್ತವೆ. ಅಂತರಕಾಲೇಜು ಕ್ರೀಡೆಯ ಅತಿ ದೊಡ್ಡ ಸಂಸ್ಥೆಯಾದ ಎನ್‌ಸಿಎಎಯ ಮೊದಲ ಎರಡು ದರ್ಜೆಗಳ ಕಾಲೇಜುಗಳಲ್ಲಿ ಈ ನೆರವು ಸಿಗುತ್ತದೆ. ಮೂರನೆಯ ದರ್ಜೆಯಲ್ಲಿ ಆಟಕ್ಕಾಗಿ ಹಣ ಕೊಡುವಂತಿಲ್ಲ. ಹಾರ್ವರ್ಡ್, ಯೇಲ್ ಮೊದಲಾದ ಐವಿ ಲೀಗ್ ವಿಶ್ವವಿದ್ಯಾಲಯಗಳೂ ಕೊಡುವುದಿಲ್ಲ. ಈ ಕಾಲೇಜು ಕ್ರೀಡೆಯಲ್ಲಿ ಹೆಸರು ಮಾಡಿದ ಭಾರತೀಯರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಟೆನಿಸ್ ಆಟಗಾರ ಸೋಮದೇವ್ ದೇವವರ್ಮನ್, ಕ್ಯಾನ್ಸಸ್ ಸ್ಟೇಟ್‌ನ ಎತ್ತರ ಜಿಗಿತಗಾರ ತೇಜಸ್ವಿನ್ ಶಂಕರ್ ಪ್ರಮುಖರು. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲೇ ಬೆಳೆದ ವಿಕಾಸ್ ಗೌಡ ನಾರ್ತ್ ಕ್ಯಾರೊಲೈನಾ ಪರವಾಗಿ 2006ರಲ್ಲಿ ಡಿಸ್ಕಸ್ ಎಸೆತದ ಎನ್‌ಸಿಎಎ ಚಾಂಪಿಯನ್ ಆದರು.

ಬೆಂಗಳೂರು ದೇಶದ ಈಜಿನ ಮುಖ್ಯ ಕೇಂದ್ರಗಳಲ್ಲೊಂದು. ಹಾಗಾಗಿ ಕನ್ನಡ ಮನೆಗಳಲ್ಲಿ ಈ ವಿಷಯ ಹೆಚ್ಚಾಗಿ ಎದುರಾಗುವುದು ಈಜುಗಾರರ ಸಂದರ್ಭದಲ್ಲಿ. ಅವರಿಗೆ ಮೊದಲ ತೊಡಕು ಕೊಳದ ಅಳತೆ. ನಮ್ಮಲ್ಲಿ ದೊಡ್ಡ ಸ್ಪರ್ಧೆಗಳು 50 ಮೀಟರ್ ಕೊಳದಲ್ಲಿ ನಡೆದರೆ, ಅಮೆರಿಕದ ಕಾಲೇಜು ಸ್ಪರ್ಧೆಗಳು 25 ಗಜದ, ಅಂದರೆ 22.86 ಮೀಟರಿನ ಕೊಳದಲ್ಲಿ ನಡೆಯುತ್ತವೆ. 100 ಗಜ ಈಜಲು ಮೂರು ಸಲ ಗೋಡೆ ಒದ್ದು ತಿರುಗಬೇಕು, 50 ಮೀಟರ್ ಕೊಳದ 100 ಮೀಟರಿಗೆ ಒಂದೇ ತಿರುವು. ಅಲ್ಲಿ 400 ಮೀಟರಿನ ಜಾಗದಲ್ಲಿ 500 ಗಜ, 1500 ಮೀಟರಿನ ಜಾಗದಲ್ಲಿ 1650 ಗಜದ ಸ್ಪರ್ಧೆಗಳಿವೆ.

ಹುಡುಗನೊಬ್ಬ 50 ಮೀಟರ್ ಕೊಳದಲ್ಲಿ 100 ಮೀಟರ್ ಫ್ರೀಸ್ಟೈಲನ್ನು 52.50 ಸೆಕೆಂಡಿನಲ್ಲಿ ಮುಗಿಸಿದ್ದಾನೆ ಎನ್ನೋಣ. ಬಳಕೆಯಲ್ಲಿರುವ ಒಂದು ಸೂತ್ರದಂತೆ ಅದರಿಂದ 1.6 ಕಳೆದು 1.11ರಿಂದ ಭಾಗಿಸಿದರೆ ಗಜದ ಸಮಯ ಸುಮಾರು 45.9 ಸೆಕೆಂಡು ಬರುತ್ತದೆ. ಇದು ಅಂದಾಜು ಮಾತ್ರ. ಒದ್ದು ಹೊರಟ ಮೇಲೆ ನೀರಿನಡಿ ಚೆನ್ನಾಗಿ ಸಾಗುವವನು ಇದಕ್ಕಿಂತ ವೇಗವಾಗಿ ಈಜಬಹುದು, ತಿರುವಿನಲ್ಲಿ ಸೋಲುವವನು ನಿಧಾನವಾಗಬಹುದು. ಆದ್ದರಿಂದ ಕಾಲೇಜಿನ ಕೋಚ್‌ಗೆ ಕಳುಹಿಸುವ ದಾಖಲೆಯಲ್ಲಿ ಮೊದಲು ಬರೆಯಬೇಕಾದದ್ದು ಮೂಲ ಸಮಯ, ಕೊಳದ ಅಳತೆ, ಕೂಟದ ಹೆಸರು, ದಿನಾಂಕ ಮತ್ತು ಅಧಿಕೃತ ಫಲಿತಾಂಶದ ಕೊಂಡಿ. ಪರಿವರ್ತಿಸಿದ ಸಮಯ ಅದರ ಪಕ್ಕದಲ್ಲಿರಲಿ. ಪರಿವರ್ತಿತ ಸಂಖ್ಯೆಯನ್ನಷ್ಟೇ ಕೊಟ್ಟರೆ ಕೋಚ್‌ಗೆ ಅನುಮಾನ ಬರುತ್ತದೆ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ ಶಾಲಾ ಕೂಟದ ಸಮಯಕ್ಕೆ ಬೆಲೆಯಿಲ್ಲ. ಒಂದೆರಡು ವರ್ಷಗಳಲ್ಲಿ ಸಮಯ ಎಷ್ಟು ಇಳಿದಿದೆ ಎಂಬುದನ್ನೂ ತೋರಿಸಬೇಕು, ಏಕೆಂದರೆ ಕೋಚ್ ಕೊಳ್ಳುತ್ತಿರುವುದು ಮುಂದಿನ ನಾಲ್ಕು ವರ್ಷಗಳನ್ನು. ವಿಡಿಯೊದಲ್ಲಿ ಜಿಗಿತ, ತಿರುವು, ನೀರಿನಡಿಯ ಸಾಗಾಟ ಪಕ್ಕದಿಂದ ಕಾಣುವಂತಿದ್ದರೆ ಸಾಕು, ಹಿನ್ನೆಲೆ ಸಂಗೀತ ಬೇಡ.

ಯಾವ ಕಾಲೇಜಿಗೆ ಬರೆಯಬೇಕೆಂಬುದನ್ನೂ ಇದೇ ಸಮಯ ಹೇಳುತ್ತದೆ. ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಸ್ಪರ್ಧಿಸುತ್ತವೆ, ಗುಂಪಿನ ಚಾಂಪಿಯನ್‌ಷಿಪ್‌ನಲ್ಲಿ ಸಾಮಾನ್ಯವಾಗಿ ಮೊದಲ 16 ಅಥವಾ 24 ಸ್ಥಾನಗಳಿಗೆ ಅಂಕ ಸಿಗುತ್ತದೆ. ಕಳೆದ ವರ್ಷದ ಫಲಿತಾಂಶ ತೆರೆದು ನೋಡಿದಾಗ 16ನೆಯವನ ಸಮಯ 45.9ರ ಆಸುಪಾಸಿನಲ್ಲಿದ್ದರೆ ಆ ಗುಂಪಿನ ಕಾಲೇಜುಗಳಿಗೆ ಬರೆಯುವುದು ಸಾರ್ಥಕ. 44ರ ಕೆಳಗಿದ್ದರೆ ಆ ಗುಂಪಿನ ಕೋಚ್‌ಗಳಿಂದ ಉತ್ತರ ನಿರೀಕ್ಷಿಸುವಂತಿಲ್ಲ.

ಪತ್ರವನ್ನು ಈಜುಗಾರನೇ ಬರೆಯಬೇಕು, ಅಪ್ಪನಾಗಲಿ ಏಜೆಂಟ್ ಆಗಲಿ ಅಲ್ಲ. ಇಮೇಲಿನ ವಿಷಯದ ಸಾಲಿನಲ್ಲೇ ಮುಖ್ಯ ಸಂಗತಿ ಇರಲಿ: `2027 grad, 100 Free 52.50 LCM, India`. ಒಳಗೆ ಅಂಕಗಳು, ಓದಬೇಕೆಂದಿರುವ ವಿಷಯ, ಆ ತಂಡದ ಫಲಿತಾಂಶ ನೋಡಿದ ಮೇಲೆ ತಾನು ಎಲ್ಲಿ ಹೊಂದಬಹುದೆಂಬ ಒಂದೆರಡು ವಾಕ್ಯ ಸಾಕು. ವಿದ್ಯಾರ್ಥಿ ಯಾವಾಗ ಬೇಕಾದರೂ ಬರೆಯಬಹುದು. ಮೊದಲ ದರ್ಜೆಯ ಈಜು ಕೋಚ್ ಮಾತ್ರ ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ಆಯ್ಕೆಯ ಮಾತನಾಡುವಂತಿಲ್ಲ. ಬೇಸಿಗೆ ಶಿಬಿರಕ್ಕೆ ಬಂದ ಆಹ್ವಾನವನ್ನು ಆಸಕ್ತಿಯೆಂದು ಹಲವರು ತಪ್ಪು ತಿಳಿಯುತ್ತಾರೆ. ನಿಜವಾದ ಆಸಕ್ತಿಯಿದ್ದರೆ ಕೋಚ್ ಅಂಕಪಟ್ಟಿ ಕೇಳುತ್ತಾರೆ, ವಿಡಿಯೊ ಕರೆ ಮಾಡುತ್ತಾರೆ, ಕೊನೆಗೆ ಹಣದ ಮೊತ್ತ ಹೇಳುತ್ತಾರೆ.

ಆ ಮೊತ್ತ ಪೂರ್ತಿ ಖರ್ಚಿನಷ್ಟಿರುವುದು ಅಪರೂಪ. 2024-25ರವರೆಗೆ ಮೊದಲ ದರ್ಜೆಯ ಪುರುಷರ ಈಜು ತಂಡವೊಂದಕ್ಕೆ 9.9 ವಿದ್ಯಾರ್ಥಿವೇತನಗಳ ಮಿತಿಯಿತ್ತು, ಮಹಿಳೆಯರಿಗೆ 14. ಅದನ್ನು ಇಡೀ ತಂಡಕ್ಕೆ ಹಂಚುತ್ತಿದ್ದರು. 2025ರ ನ್ಯಾಯಾಲಯದ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 30ಕ್ಕಿಂತ ಹೆಚ್ಚು ಜನ ಇರಬಾರದೆಂಬ ಮಿತಿ ಬಂದಿದೆ. ಎಲ್ಲರಿಗೂ ಪೂರ್ತಿ ಕೊಡಲು ನಿಯಮ ಬಿಟ್ಟರೂ ಬಜೆಟ್ ಬಿಡುವುದಿಲ್ಲ, ಸ್ಥಾನಗಳು ಮಾತ್ರ ಬಿಗಿಯಾಗಿವೆ. ಆದ್ದರಿಂದ ಡಾಲರ್ ಲೆಕ್ಕದಲ್ಲಿ ಮನೆಯವರು ಕಟ್ಟಬೇಕಾದದ್ದೆಷ್ಟು, ನೆರವು ಪ್ರತಿ ವರ್ಷ ಮುಂದುವರಿಯುತ್ತದೆಯೇ, ಗಾಯವಾದರೆ ಏನಾಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಬೇಕು.

ಹೆಚ್ಚು ಮಂದಿ ಎಡವುವುದು ಓದಿನ ದಾಖಲೆಯಲ್ಲಿ. ಎನ್‌ಸಿಎಎಯ ಅರ್ಹತಾ ಕೇಂದ್ರ ಒಂಬತ್ತನೇ ತರಗತಿಯಿಂದಲೇ 16 ಮೂಲ ವಿಷಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಮೊದಲ ದರ್ಜೆಗಾದರೆ ಅವುಗಳಲ್ಲಿ ಗಣಿತ ಮೂರು ವರ್ಷ ಇರಬೇಕು. ಪಿಯುಸಿಯಲ್ಲಿ ಗಣಿತ ಬಿಟ್ಟವರಿಗೆ ಇಲ್ಲಿ ಕಷ್ಟ. ಒಂಬತ್ತನೆಯ ಅಂಕಪಟ್ಟಿ ಎಸೆಯದೆ ಇಟ್ಟುಕೊಂಡಿರಬೇಕು. ಎಸ್‌ಎಟಿ ಅಂಕವನ್ನು ಎನ್‌ಸಿಎಎ 2023ರಿಂದ ಕೇಳುತ್ತಿಲ್ಲ, ಆದರೆ ಕೆಲವು ವಿಶ್ವವಿದ್ಯಾಲಯಗಳು ತಮ್ಮ ಪ್ರವೇಶಕ್ಕೆ ಈಗಲೂ ಕೇಳುತ್ತವೆ.