ಪರಿಮಿತ ಗಣದಲ್ಲಿ ಭಾಗಾಕಾರ ತಾನಾಗಿ ಒದಗುವುದು ಹೇಗೆ?

ಗೌಸ್ 1801ರಲ್ಲಿ ಪ್ರಕಟಿಸಿದ ಸಂಖ್ಯಾ ಸಿದ್ಧಾಂತದ ಗ್ರಂಥ ಶೇಷಗಳ ಲೆಕ್ಕಾಚಾರಕ್ಕೆ ಭದ್ರ ನೆಲೆ ಒದಗಿಸಿತು. 7ರಿಂದ ಭಾಗಿಸಿದಾಗ ಉಳಿಯುವ ಶೇಷಗಳು 0ಯಿಂದ 6ರವರೆಗೆ ಏಳೇ ಏಳು. ಅವನ್ನೆಲ್ಲ ಕ್ರಮವಾಗಿ 3ರಿಂದ ಗುಣಿಸಿ ಮತ್ತೆ ಶೇಷ ತೆಗೆದರೆ 0, 3, 6, 2, 5, 1, 4 ಬರುತ್ತವೆ. ಯಾವ ಶೇಷವೂ ಎರಡು ಸಲ ಬಂದಿಲ್ಲ, ಹಾಗಾಗಿ ಯಾವುದೂ ತಪ್ಪಿಹೋಗಿಲ್ಲ. 1 ಕೂಡ ಅಲ್ಲಿದೆ: 3 × 5 = 15, ಅದರ ಶೇಷ 1. ಅಂದರೆ 3ರ ವಿಲೋಮ 5. ಮಾಡ್ಯುಲೊ 6ರಲ್ಲಿ 2ರಿಂದ ಗುಣಿಸಿ ನೋಡಿ: 0, 2, 4, 0, 2, 4. ಇಲ್ಲಿ 1 ಸಿಗುವುದೇ ಇಲ್ಲ. 2 × 3ರ ಶೇಷ ಸೊನ್ನೆಯಾಗುವುದೇ ಇದಕ್ಕೆ ಕಾರಣ.

1830ರಲ್ಲಿ ಗ್ಯಾಲ್ವಾ ಈ ಲೆಕ್ಕವನ್ನು ಶೇಷಗಳ ಆಚೆಗೆ ಒಯ್ದು, p ಅವಿಭಾಜ್ಯವಾದಾಗ pⁿ ಅಂಶಗಳಿರುವ ವ್ಯವಸ್ಥೆಗಳನ್ನು ಕಟ್ಟಿದ. a + bi ರೂಪದಲ್ಲಿ a, b ಎರಡನ್ನೂ ಮಾಡ್ಯುಲೊ 3ರಲ್ಲಿ ತೆಗೆದುಕೊಂಡರೆ ಒಂಬತ್ತು ಅಂಶಗಳು ಸಿಗುತ್ತವೆ. ಅಲ್ಲಿ (1 + i)(2 + i) = 1 + 3i = 1. ಅದೇ ರಚನೆಯನ್ನು ಮಾಡ್ಯುಲೊ 5ರಲ್ಲಿ ಮಾಡಿದರೆ (2 + i)(2 − i) = 5 = 0 ಆಗಿ, ಕೆಲಸ ಕೆಡುತ್ತದೆ.

ಈ ಉದಾಹರಣೆಗಳ ಹಿಂದಿರುವ ಸಾಮಾನ್ಯ ತತ್ತ್ವ ಸ್ಪಷ್ಟವಾಗಲು ಅಮೂರ್ತ ಪರಿಭಾಷೆ ಬೇಕಾಯಿತು. ಆ ಕೆಲಸ ಡೆಡೆಕಿಂಡ್, ವೆಬರ್, ಸ್ಟೈನಿಟ್ಸ್, ಎಮ್ಮಿ ನೋಯ್ಥರ್ ಮುಂತಾದವರ ಕೈಯಲ್ಲಿ ಹಂತಹಂತವಾಗಿ ನಡೆಯಿತು. ಕೂಡಿಸು, ಕಳೆ, ಗುಣಿಸು ಎಂಬ ಮೂರೂ ಸಲ್ಲುವ, ಗುಣಾಕಾರದ ಕ್ರಮ ಬದಲಿಸಿದರೂ ಉತ್ತರ ಬದಲಾಗದ, ಸೊನ್ನೆಗಿಂತ ಬೇರೆಯಾದ 1 ಇರುವ, ಸೊನ್ನೆಯಲ್ಲದ ಎರಡರ ಗುಣಲಬ್ಧ ಎಂದೂ ಸೊನ್ನೆಯಾಗದ ವ್ಯವಸ್ಥೆಯೇ ಇಂಟಿಗ್ರಲ್ ಡೊಮೇನ್. ಸೊನ್ನೆಯಲ್ಲದ ಪ್ರತಿ ಅಂಶಕ್ಕೂ ವಿಲೋಮವಿದ್ದರೆ ಅದು ಫೀಲ್ಡ್.

ಪರಿಮಿತವಾದ ಪ್ರತಿ ಇಂಟಿಗ್ರಲ್ ಡೊಮೇನೂ ಫೀಲ್ಡ್ ಎಂಬುದೇ ಆ ತತ್ತ್ವ. ಅದನ್ನು ಸಾಧಿಸಲು ಪರಿಮಿತ ಡೊಮೇನ್ ಒಂದನ್ನು D ಎನ್ನೋಣ. ಅದರಲ್ಲಿ ಸೊನ್ನೆಯಲ್ಲದ a ಒಂದನ್ನು ಆರಿಸೋಣ. Dಯ ಪ್ರತಿ xಅನ್ನು axಗೆ ಕಳಿಸೋಣ. ax = ay ಆದರೆ a(x − y) = 0. a ಸೊನ್ನೆಯಲ್ಲವಾದ್ದರಿಂದ x − y = 0, ಅಂದರೆ x = y. ಹೀಗೆ ಬೇರೆ ಬೇರೆ ಅಂಶಗಳು ಬೇರೆ ಬೇರೆ ಕಡೆಗೇ ಹೋಗುತ್ತವೆ. D ಪರಿಮಿತವಾದ್ದರಿಂದ ಅವು ಇಡೀ Dಯನ್ನು ತುಂಬಲೇಬೇಕು. ಆದ್ದರಿಂದ ಯಾವುದೋ ಒಂದು bಗೆ ab = 1. ಸಾಧನೆ ಮುಗಿಯಿತು.

ಇದರ ಜೀವಾಳ 'ತುಂಬಲೇಬೇಕು' ಎಂಬ ಹೆಜ್ಜೆಯಲ್ಲಿದೆ. ಪೂರ್ಣಾಂಕಗಳನ್ನು 2ರಿಂದ ಗುಣಿಸಿದಾಗಲೂ ಯಾವ ಎರಡೂ ಒಂದೇ ಕಡೆ ಬೀಳುವುದಿಲ್ಲ. ಆದರೂ ಬೆಸ ಸಂಖ್ಯೆಗಳೆಲ್ಲ ಖಾಲಿ ಉಳಿಯುತ್ತವೆ, 1 ಕೂಡ. ತನ್ನದೇ ಒಂದು ಭಾಗದೊಂದಿಗೆ ಹೀಗೆ ಒಂದಕ್ಕೊಂದು ಹೊಂದಿಕೊಳ್ಳುವುದನ್ನೇ ಡೆಡೆಕಿಂಡ್ 1888ರಲ್ಲಿ ಅನಂತ ಗಣದ ವ್ಯಾಖ್ಯೆಯಾಗಿಸಿದ. ನಮ್ಮ ಸಾಧನೆ ಬಳಸುವುದು ಆ ವ್ಯಾಖ್ಯೆಯ ಮರುಮಗ್ಗುಲನ್ನೇ.

ಗುಣಾಕಾರದಲ್ಲಿ ab, ba ಒಂದೇ ಎಂಬ ಷರತ್ತನ್ನು ಕೈಬಿಟ್ಟರೂ ಈ ವಾದ ವಿಲೋಮಗಳನ್ನು ಕೊಡುತ್ತದೆ, ಆದರೆ ab = ba ಎಂದು ತೋರಿಸಲಾರದು. ಆ ಷರತ್ತೂ ತಾನಾಗಿ ಬರುತ್ತದೆಂದು ವೆಡರ್‌ಬರ್ನ್ 1905ರಲ್ಲಿ ಪ್ರಕಟಿಸಿದರು. ಅದರ ಸಾಧನೆ ಇಷ್ಟು ಸರಳವಲ್ಲ. ಅದಕ್ಕೂ ಮೊದಲೇ, 1893ರಲ್ಲಿ, ಪ್ರತಿ ಪರಿಮಿತ ಫೀಲ್ಡೂ ಗ್ಯಾಲ್ವಾ ಕಟ್ಟಿದ ಬಗೆಯದೇ ಎಂದು ಇ. ಎಚ್. ಮೂರ್ ತೋರಿಸಿದ್ದರು. 6 ಯಾವ ಅವಿಭಾಜ್ಯದ ಘಾತವೂ ಅಲ್ಲ, ಹಾಗಾಗಿ ಕೂಡಿಸುವ, ಗುಣಿಸುವ ನಿಯಮಗಳನ್ನು ಹೇಗೆ ಹೊಂದಿಸಿದರೂ ಆರು ಅಂಶಗಳ ಇಂಟಿಗ್ರಲ್ ಡೊಮೇನ್ ಸಿಗುವುದಿಲ್ಲ.